ಬಾಣಗಳಿಲ್ಲದ ನಕಲು

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಇನ್ನು ಮುಂದೂಡಿದರೆ ಬರೆಯದೇ ಹೋಗುತ್ತೇನೆಂಬ ಭಯ.

ನನ್ನ ಸೊಸೆ ಜಕ್ಕೂರಿನ ನಮ್ಮ ಮನೆಯಿಂದ ಯಲಹಂಕದ ಕಾಲೇಜಿಗೆ ಅರ್ಥಶಾಸ್ತ್ರದ ಎಂ.ಎ. ಓದಲು ಹೋಗುತ್ತಿದ್ದಳು. ಮೊದಲ ಟೆಸ್ಟಿನಲ್ಲಿ ಒಳ್ಳೆಯ ಅಂಕ ಬಂದರೆ ಓದಲಿ, ಇಲ್ಲದಿದ್ದರೆ ಮಗುವನ್ನು ನೋಡಿಕೊಳ್ಳಲಿ ಎಂದು ಮಗ ಹೇಳಿದ್ದ. ನಾನೂ ತಲೆಯಾಡಿಸಿದ್ದೆ.

ಎಸ್ಸೆಸ್ಸೆಲ್ಸಿ ಓದಿದ ನನಗೆ ನನ್ನ ಅಕ್ಷರದ ಮೇಲೆ ಜಂಬ. ಒಂದು ಸಂಜೆ ಅವಳ ಹಾಳೆಗಳನ್ನು ತಿರುವಿದೆ. ಒಂದು ಪಾಠವನ್ನು ಸಾಲಾಗಿ ಅಂಕಿ ಹಾಕಿ, ಪ್ರತಿ ಅಂಕಿಯ ಕೆಳಗೆ ಒಳಸರಿಸಿ ಉಪಅಂಕಿ ಕೊಟ್ಟು ಬರೆದಿದ್ದಳು. ಇನ್ನೊಂದರಲ್ಲಿ ಪುಟಕ್ಕೆ ಉದ್ದಗೆರೆ ಎಳೆದು ಎರಡು ಭಾಗ. ಮೂರನೆಯದರ ನಡುವೆ ‘ಬೆಲೆ ಏರಿಕೆ’ ಎಂದು ಬರೆದು ಸುತ್ತು ಹಾಕಿ, ಅದರಿಂದ ಕೊಂಬೆಗಳು, ಕೊಂಬೆಯಿಂದ ಕೊಂಬೆಗೆ ಕೆಂಪು ಬಾಣಗಳು.

“ಏನಮ್ಮ ಇದು, ಜೇಡ ಇಂಕಲ್ಲಿ ಬಿದ್ದು ಓಡಾಡ್ದಂಗಿದೆ?”

ನಕ್ಕಳು. “ಎಲ್ಲಾ ಲೆಕ್ಚರರ್ಸೂ ಒಂದೇ ಥರ ಹೇಳಲ್ಲ ಮಾವ. ಒಬ್ರು ಹೆಡಿಂಗ್ ಬರೆದು ಸಾಲಾಗಿ ಹೇಳ್ತಾರೆ, ಅದಕ್ಕೆ ನಂಬರ್ ಸಾಕು. ಇನ್ನೊಬ್ರು ಉಸಿರೇ ಬಿಡಲ್ಲ. ಬಲಗಡೆ ಸಿಕ್ಕಿದ್ದನ್ನ ಗೀಚ್ಕೊಂಡು, ಮನೇಲಿ ಎಡಗಡೆ ಪ್ರಶ್ನೆ ಬರೀತೀನಿ. ಆಮೇಲೆ ಬಲಗಡೆ ಮುಚ್ಕೊಂಡು ಉತ್ತರ ಹೇಳ್ಕೋತೀನಿ.”

“ಈ ಜೇಡ?”

“ಈ ಮೇಡಂ ಬಡ್ಡಿ ಅಂತ ಶುರು ಮಾಡಿ, ಕೆಲಸಕ್ಕೆ ಹಾರಿ, ಮತ್ತೆ ಬೆಲೆಗೆ ಬರ್ತಾರೆ. ಯಾವುದರ ಕೆಳಗೆ ಯಾವ ನಂಬರ್ ಅಂತ ಯೋಚಿಸ್ತಿದ್ರೆ ಪಾಠ ಮುಂದೆ ಹೋಗಿರುತ್ತೆ. ಇಲ್ಲಿ ಒಂದು ಬಾಣ ಎಳೆದ್ರೆ ಆಯ್ತು. ಬಾಣನೇ ಪಾಠ, ಮಾವ.”

ಕೇಳಿಸಿಕೊಂಡೆ, ಆದರೆ ಒಪ್ಪಲಿಲ್ಲ. ಮರುದಿನ ಅವಳು ಕಾಲೇಜಿಗೆ ಹೋದಾಗ ಆ ಜೇಡವನ್ನು ಅಂಕಿ ಹಾಕಿ ಮುದ್ದಾಗಿ ನಕಲು ಮಾಡಿದೆ. ಬೆಲೆ ಒಂದು, ಬಡ್ಡಿ ಎರಡು, ಉದ್ಯೋಗ ಮೂರು. ಬಾಣಗಳಿಗೆ ಜಾಗ ಸಿಗಲಿಲ್ಲ, ಬಿಟ್ಟೆ. ಅವಳ ಹಾಳೆಯನ್ನು ಹಳೇ ಪೇಪರಿನವನಿಗೆ ಹಾಕಿದೆ.

“ಚೆನ್ನಾಗಿ ಬರ್ದಿದೀರ ಮಾವ,” ಎಂದಳು ಸಂಜೆ ಬಂದು ನೋಡಿ. “ನನ್ನದೆಲ್ಲಿ?”

ಹೇಳಿದೆ. ನನ್ನ ನಕಲಿನ ಮೇಲೆ ಪೆನ್ಸಿಲಿನಲ್ಲಿ ಬಾಣ ಎಳೆಯುವುದು, ಅಳಿಸುವುದು ಮಾಡುತ್ತಾ ಕೂತಳು. ಪಾಠ ಕೇಳಿ ವಾರಗಳೇ ಆಗಿದ್ದವು, ಯಾವ ಬಾಣ ಎಲ್ಲಿಂದ ಎಲ್ಲಿಗೆ ಎಂದು ಅವಳಿಗೂ ನೆನಪಿರಲಿಲ್ಲ.

ಟೆಸ್ಟಿನಲ್ಲಿ ದೊಡ್ಡ ಪ್ರಶ್ನೆ ಅದೇ ಬಂತು: ಬಡ್ಡಿ ಏರಿಸಿದರೆ ಬೆಲೆಗೂ ಉದ್ಯೋಗಕ್ಕೂ ಏನಾಗುತ್ತದೆ, ಸಂಬಂಧ ತೋರಿಸಿ. ಸಾಲ ಕಡಿಮೆಯಾಗಿ, ಹೂಡಿಕೆ ತಗ್ಗಿ, ಕೆಲಸ ಕುಗ್ಗಿ, ಜನರ ಖರ್ಚು ಇಳಿದು, ಬೆಲೆಯ ಏರಿಕೆಗೆ ತಡೆ ಬೀಳುವ ಆ ಸುತ್ತು ಕೆಂಪು ಬಾಣಗಳಲ್ಲಿತ್ತು. ಅವಳು ಮೂರನ್ನೂ ಬೇರೆ ಬೇರೆಯಾಗಿ ಬರೆದು ಬಂದಿದ್ದಳು.

ಅಂಕ ನೋಡಿ ಮಗ, “ಏನಾಯ್ತು?” ಅಂದ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಹೇಳಬೇಕಿತ್ತು.

“ಕ್ಲಾಸಲ್ಲಿ ಚಿತ್ರ ಬರ್ಕೊಂಡು ಕೂತ್ರೆ ಮಾರ್ಕ್ಸ್ ಎಲ್ಲಿಂದ ಬರುತ್ತಪ್ಪ?” ಎಂದೆ.

ಮುಂದಿನ ವಾರದಿಂದ ಅವಳು ಕಾಲೇಜಿಗೆ ಹೋಗಲಿಲ್ಲ. ಇಂದಿಗೂ ನನಗೆ ಕಾಫಿ ತಂದುಕೊಡುತ್ತಾಳೆ, ನಾನು ಲೋಟ ನೋಡುತ್ತಾ ತೆಗೆದುಕೊಳ್ಳುತ್ತೇನೆ. ತಪ್ಪಾಯಿತೆಂದು ನನ್ನ ಸೊಸೆಗೆ ನಾನು ಈವರೆಗೆ ಹೇಳಿಲ್ಲ.