ಕರೆಂಟ್ ಮರಳಿದಾಗ ಎಂಬ ಕಲಮು

ಕಪನೂರಿನಲ್ಲಿ ನಾನು ಕೆಲಸಕ್ಕೆ ಸೇರಿದ ವರ್ಕ್‌ಶಾಪು ಬೇಳೆ ಗಿರಣಿಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುತ್ತಿತ್ತು. ಅಲ್ಲೊಂದು ಪದ್ಧತಿ. ಪ್ರೋಗ್ರಾಮಿನ ಒಂದು ಸಾಲನ್ನೂ ಬರೆಯುವ ಮೊದಲು, ಯಂತ್ರ ಯಾವಾಗ ಏನು ಮಾಡಬೇಕು ಎಂಬುದನ್ನೆಲ್ಲ ಸಾದಾ ಮಾತಿನಲ್ಲಿ ಬರೆದು, ಗಿರಣಿಯವರ ಜೊತೆ ಕೂತು ಓದಿ, ಸಹಿ ಪಡೆಯಬೇಕು. ಸ್ಟಾರ್ಟ್ ಒತ್ತಿದರೆ ಯಾವ ಮೋಟರು ಮೊದಲು? ನಡುವಿನ ಒಂದು ನಿಂತುಹೋದರೆ ಅದರ ಹಿಂದಿನವು ನಿಲ್ಲಬೇಕೇ, ಕಾಳು ಸುರಿಯುತ್ತಲೇ ಇರಬೇಕೇ? ಕರೆಂಟ್ ಹೋಗಿ ಬಂದರೆ? ಪ್ರತಿಯೊಂದಕ್ಕೂ ಒಂದು ಕಲಮು. ಆ ಕಾಗದಕ್ಕೆ ಫಂಕ್ಷನಲ್ ಸ್ಪೆಸಿಫಿಕೇಶನ್ ಎಂಬ ದೊಡ್ಡ ಹೆಸರಿದ್ದರೂ ವರ್ಕ್‌ಶಾಪಿನಲ್ಲಿ ಎಲ್ಲರೂ ಅದನ್ನು ‘ಕಬೂಲಿ ಕಾಗದ’ ಎನ್ನುತ್ತಿದ್ದರು.

ನನಗೆ ಆ ಕೆಲಸ ಸಿಕ್ಕಿದ್ದು ಬಾಯಿಯ ಬಲದಿಂದ. ಕಾಲೇಜಿನ ನಾಲ್ಕು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಚೀಟಿ ಬಿಚ್ಚಿದ ಮೇಲೆಯೇ ನನ್ನ ಅಭಿಪ್ರಾಯ ಹುಟ್ಟುತ್ತಿತ್ತು. ಅದನ್ನು ಬುದ್ಧಿ ಎಂದುಕೊಂಡಿದ್ದೆ. ಎದುರಿನವರು ಸುಮ್ಮನಾದರೆ ಗೆದ್ದೆ ಎಂದೇ ಲೆಕ್ಕ.

ಕಮಲಾಪುರದ ಗಿರಣಿಯ ಕಾಗದ ನನ್ನ ಪಾಲಿಗೆ ಬಂತು. ‘ಕರೆಂಟ್ ಮರಳಿದಾಗ’ ಎಂಬ ಕಲಮನ್ನು ಮೊದಲು ನಾನು ಸರಿಯಾಗಿಯೇ ಬರೆದಿದ್ದೆ: ಯಾವ ಮೋಟರೂ ತಾನಾಗಿ ಶುರುವಾಗಬಾರದು, ಮನುಷ್ಯನೊಬ್ಬ ನೋಡಿ ಮತ್ತೆ ಸ್ಟಾರ್ಟ್ ಒತ್ತಬೇಕು. ಸರಿ ಯಾವುದೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶವನ್ನೂ ನಾನು ಉಳಿಸಿಕೊಂಡಿಲ್ಲ.

ಗಿರಣಿಯ ಆಫೀಸಿನಲ್ಲಿ ಕೂತಿದ್ದು ಮೂವರು: ಸಾವುಕಾರರು, ನಾನು, ಮತ್ತು ಬಾಗಿಲ ಬಳಿಯ ಸ್ಟೂಲಿನಲ್ಲಿ ಅಲ್ಲಿನ ಹಳೆಯ ಮಿಸ್ತ್ರಿ ಕಾಕಾ. ಗೋಡೆಯ ಆಚೆ ರೋಲುಗಳು ತೊಗರಿಯ ಸಿಪ್ಪೆ ಸುಲಿಯುತ್ತಿದ್ದವು. ಆ ಸದ್ದಿನ ಮೇಲೆ ನಾನು ಗಂಟಲೇರಿಸಿ ಓದುತ್ತಿದ್ದೆ.

ಆ ಕಲಮು ಬಂದಾಗ ಸಾವುಕಾರರು ಕೈ ಎತ್ತಿದರು. “ಇದು ನಡ್ಯಂಗಿಲ್ಲ ತಂಗಿ. ಇಲ್ಲಿ ದಿನಕ್ಕ ಎಷ್ಟ್ ಸಲ ಕರೆಂಟ್ ಹೋಗ್ತದ ನಿನಗೇನ್ ಗೊತ್ತು? ಪ್ರತಿ ಸಲ ಒಬ್ಬಾವ ಮ್ಯಾಲ ಹತ್ತಿ ಬಟನ್ ಒತ್ಕೋತ ಕೂತ್ರ ಕೆಲಸ ಯಾರ್ ಮಾಡೋರು? ಕರೆಂಟ್ ಬಂತಂದ್ರ ಮಶೀನ್ ತಾನೇ ಎದ್ದು ನಡೀಬೇಕು. ಅದಕ್ಕಲ್ಲೇನು ಹೊಸಾ ಪ್ಯಾನೆಲ್?”

ಅರ್ಧ ನಿಮಿಷದಲ್ಲಿ ನಾನು ಆಚೆಯ ಬದಿಗೆ ದಾಟಿದ್ದೆ. ಚೀಟಿ ಬದಲಾಗಿತ್ತು, ಅಷ್ಟೇ. ಕರೆಂಟ್ ಬಂದ ಮೇಲೆ ಹತ್ತು ಸೆಕೆಂಡು ಸೈರನ್ ಕೂಗಲಿ, ಆಮೇಲೆ ಕೊನೆಯ ಯಂತ್ರದಿಂದ ಹಿಂದಕ್ಕೆ ಒಂದೊಂದೇ ಮೋಟರು ಶುರುವಾಗಲಿ, ಕಾಳು ಎಲ್ಲೂ ಕಟ್ಟಿಕೊಳ್ಳುವುದಿಲ್ಲ ಎಂದೆ. ಸಾವುಕಾರರ ಮುಖ ಅರಳಿತು.

ಆಗ ಕಾಕಾ ಸ್ಟೂಲಿನಿಂದಲೇ ಹೇಳಿದರು: “ಯವ್ವಾ, ಕರೆಂಟ್ ಹೋದಾಗ ನಾವು ಕಾಳು ಮ್ಯಾಲೆತ್ತೋ ಎಲಿವೇಟರ್ ಕುಣ್ಯಾಗ ಕೈ ಹಾಕ್ತೀವಿ. ಬುಡಕ್ಕ ಕಾಳು ಕಟ್ಕೊಂಡಿರ್ತದ, ಅದನ್ನ ತೆಗೀಬೇಕಲ್ಲ.”

“ಮೇನ್ ಸ್ವಿಚ್ ಕೆಳಗ ಎಳದು ಹಾಕ್ತೀರಿಲ್ಲೋ ಕಾಕಾ?”

“ಕರೆಂಟೇ ಹೋಗಿರ್ತದ. ಸ್ವಿಚ್ ಯಾಕ ಎಳೀಬೇಕು?”

ನನಗೆ ನಗು ಬಂತು. “ನೋಡ್ರಿ ಕಾಕಾ, ಈ ಕಾಗದದಾಗ ಮಶೀನ್ ಹ್ಯಾಂಗ ನಡೀಬೇಕು ಅಂತ ಬರೀತೀವಿ. ನೀವು ಹ್ಯಾಂಗ ನಡೀಬೇಕು ಅಂತ ಬರ್ಯಾಕ ಬ್ಯಾರೆ ಕಾಗದ ತರಬೇಕಾಗ್ತದ. ಸೈರನ್ ಕೂಗಿದ ಮ್ಯಾಲೂ ಕೈ ತೆಗೀಲಾರದಷ್ಟು ಪ್ರೀತಿ ಏನದ ಆ ಕುಣಿ ಮ್ಯಾಲ?”

ಸಾವುಕಾರರು ಜೋರಾಗಿ ನಕ್ಕರು. ಕಾಕಾ ನನ್ನ ಬಾಯಿಯನ್ನೇ ನೋಡುತ್ತ, ಸಣ್ಣಗೆ ನಕ್ಕು ಸುಮ್ಮನಾದರು. ಕಲಮು ತಿದ್ದಿದೆ. ಸಹಿ ಆಯಿತು.

ಕಪನೂರಿಗೆ ಮರಳಿದಾಗ, ವರ್ಕ್‌ಶಾಪು ನಡೆಸುವ ನಮ್ಮ ಸರ್, ನಾನು ತಿದ್ದಿದ ಜಾಗದ ಮೇಲೆ ಬೆರಳಿಟ್ಟರು. “ಇದಕ್ಕ ಮಿಸ್ತ್ರಿ ಏನಂದ?”

“ಒಪ್ಪಿದ್ರು ಸರ್.”

ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನಿಸಲೇ ಇಲ್ಲ. ಸರ್ ಮತ್ತೆ ಕೇಳಲಿಲ್ಲ. ನನ್ನನ್ನು ನಂಬಿದ್ದು ಅವರ ತಪ್ಪು ಎಂದು ಒಂದು ಕಾಲಕ್ಕೆ ವಾದಿಸಿಯೂ ಇದ್ದೇನೆ, ಮನಸ್ಸಿನೊಳಗೆ.

ಪ್ಯಾನೆಲ್ ಕೂಡಿಸಿದೆವು. ಕಾಗದದ ಒಂದೊಂದು ಕಲಮನ್ನೂ ಸಾವುಕಾರರ ಎದುರು ಮಾಡಿ ತೋರಿಸಿ ಗುರುತು ಹಾಕಿಕೊಂಡೆವು. ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕಿದಾಗ ಸೈರನ್ ಕೂಗಿತು, ಹತ್ತು ಸೆಕೆಂಡಿಗೆ ಗಿರಣಿ ತಾನೇ ಎದ್ದಿತು. ಅವರು ಚಪ್ಪಾಳೆ ತಟ್ಟಿದರು.

ತೊಗರಿ ಸುಗ್ಗಿಯ ನಡುವೆ ಒಂದು ಮಧ್ಯಾಹ್ನ ಫೋನ್ ಬಂತು. ಕರೆಂಟ್ ಹೋಗಿತ್ತು, ಕಾಕಾ ಕುಣಿಯ ಮುಚ್ಚಳ ತೆಗೆದು ಬಲಗೈ ಹಾಕಿದ್ದರು, ಕರೆಂಟ್ ಬಂದಿತ್ತು. ಬಕೆಟ್‌ಗಳ ಪಟ್ಟಿ ಕೈಯನ್ನು ಒಳಗೆಳೆದಿತ್ತು. ಕಲಬುರಗಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೂರು ಬೆರಳು ಉಳಿಸುವ ಹಾಗಿರಲಿಲ್ಲವಂತೆ.

ಮರುದಿನ ಸರ್ ಮತ್ತು ನಾನು ಗಿರಣಿಗೆ ಹೋಗಿ ಪ್ಯಾನೆಲ್ ತೆರೆದೆವು. ನಾನು ಮೊದಲು ನೋಡಿದ್ದು ನನ್ನ ಪ್ರೋಗ್ರಾಮನ್ನು. ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ, ನೋಡಿ ಸಮಾಧಾನವಾಯಿತು.

“ಸೈರನ್ ಕೂಗ್ಯಾದ ಸರ್. ಹತ್ತು ಸೆಕೆಂಡು ಪೂರಾ. ಕಾಗದದಾಗ ಇದ್ದಂಗೇ ನಡದದ.”

“ಹೌದು,” ಎಂದರು ಸರ್. “ಅದೇ ನೋಡು.”

ಹಮಾಲರೊಬ್ಬರು ಅಲ್ಲೇ ಚೀಲ ಹೊಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: “ಸೈರನ್ ನಮಗ ಕೇಳಿಸ್ತರಿ. ಕಾಕಾಗ ಎಲ್ಲಿ ಕೇಳ್ತದ? ಮೂವತ್ತು ವರ್ಷ ರೋಲ್ ಬಾಜೂಕ ನಿಂತಾವ್ರು. ಬಾಯಿ ನೋಡಿ ಮಾತು ತಿಳ್ಕೋತಾರ ಅವ್ರು.”

ಆಫೀಸಿನ ಆ ಮಧ್ಯಾಹ್ನವನ್ನು ನಾನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡಿದ್ದೇನೆ. ನಾನು ಪ್ರಶ್ನೆ ಕೇಳುವಾಗ ಅವರ ಕಡೆ ಮುಖ ಮಾಡಿದ್ದೆ; ಜೋಕಿನ ಕೊನೆಯ ಮಾತನ್ನು ಮಾತ್ರ, ಮೆಚ್ಚುಗೆಗಾಗಿ, ಸಾವುಕಾರರ ಕಡೆ ತಿರುಗಿ ಹೇಳಿದ್ದೆ. ಸೈರನ್ ಎಂಬ ಮಾತು ಅವರಿಗೆ ಮುಟ್ಟಿತ್ತೋ ಇಲ್ಲವೋ. ಸಾವುಕಾರರು ನಕ್ಕರೆಂದು ಅವರೂ ನಕ್ಕಿದ್ದರು. ಅದನ್ನೇ ನಾನು ಒಪ್ಪಿಗೆ ಎಂದು ಬರೆದುಕೊಂಡಿದ್ದೆ.

ಹೊಸ ಕಾಗದ ಬರೆದೆ. ಕರೆಂಟ್ ಮರಳಿದರೆ ಎಲ್ಲವೂ ನಿಂತೇ ಇರಬೇಕು, ದೀಪ ಮಾತ್ರ ಮಿನುಗಬೇಕು. ಕುಣಿಯ ಪಕ್ಕದಲ್ಲೇ ಒಂದು ರೀಸೆಟ್ ಬಟನ್. ಕುಣಿ ನೋಡಿ ಅದನ್ನು ಒತ್ತಿದ ಮೇಲೆಯೇ ಮೇಲಿನ ಸ್ಟಾರ್ಟ್ ಕೆಲಸ ಮಾಡಬೇಕು. ಮುಚ್ಚಳ ತೆಗೆದರೆ ಮೋಟರಿನ ಕರೆಂಟು ಪ್ರೋಗ್ರಾಮನ್ನು ಕೇಳದೆ ತಂತಿಯಲ್ಲೇ ಕಡಿದುಹೋಗಬೇಕು. ಕೈ ಹಾಕುವವರು ಮೇನ್ ಸ್ವಿಚ್ ಎಳೆದು, ತಮ್ಮದೇ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಳ್ಳಬೇಕು. ಕರೆಂಟ್ ಹೋಗಿದ್ದರೂ ಸರಿ. ಸಾವುಕಾರರು ಈ ಸಲ ಎಲ್ಲೂ ಕೈ ಎತ್ತದೆ ಸಹಿ ಮಾಡಿದರು. ಎರಡೇ ದಿನದಲ್ಲಿ ಪ್ಯಾನೆಲ್ ಬದಲಾಯಿತು.

ಆಮೇಲೆ ಕಾಗದ ಹಿಡಿದು ಕಾಕಾರ ಮನೆಗೆ ಹೋದೆ. ಕಮಲಾಪುರದಲ್ಲೇ, ಬಸ್ ಸ್ಟ್ಯಾಂಡಿನ ಹಿಂದೆ. ಅವರ ಹೆಂಡತಿ ಚಹಾ ತಂದಿಟ್ಟು ನನ್ನತ್ತ ನೋಡದೆ ಒಳಗೆ ಹೋದರು. ಕಾಕಾ ಎಡಗೈಯಲ್ಲಿ ಚಹಾದ ಬಸಿಯನ್ನು ಎತ್ತಲು ಹೋಗಿ, ಚೆಲ್ಲಿ, ಹಾಗೇ ಬಿಟ್ಟರು. ಬಲಗೈ ಬಿಳಿ ಬಟ್ಟೆಯ ಗಂಟು.

ಎದುರಿಗೆ ಕೂತು, ಮುಖ ಕಾಣುವ ಹಾಗೆ, ಒಂದೊಂದೇ ಕಲಮು ಓದಿದೆ. ಅವರು ನಡುವೆ ನಿಲ್ಲಿಸಿ ಕೇಳಿದರು, “ದೀಪ ಕುಣಿ ಬಾಜೂಕ ಕೆಳಗೇ ಹಾಕೀರೇನು? ಧೂಳಿನಾಗ ಕಾಣಂಗಿಲ್ಲ ಅದು. ಜರಾ ಎತ್ತರಕ್ಕ ಹಾಕ್ಸು.” ಬರೆದುಕೊಂಡೆ. ಇನ್ನೆರಡು ತಿದ್ದಿಸಿದರು. ಎರಡೂ ಸರಿಯಿದ್ದವು.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಏನೇನೋ ಹೇಳಿದೆ, ಅವರು ತಲೆಯಾಡಿಸಿದರು. ಕೇಳಿಸಿತೋ, ಬೇಡವಾಗಿತ್ತೋ.

ಎದ್ದು ನಿಂತಾಗ ಕೇಳಿದರು, “ಯವ್ವಾ, ನನ್ನ ಜಾಗಕ್ಕ ಹೊಸಾವ ಬಂದಾನಂತಲ್ಲ. ಅವಗ ಇದನ್ನ ಓದಿ ಹೇಳೀಯೇನು?”

ಇಲ್ಲ ಎಂದೆ. ಸಾವುಕಾರರ ಸಹಿ ಆಗಿದೆ ಎಂದು ಸೇರಿಸಲು ಹೋಗಿ ನುಂಗಿಕೊಂಡೆ.

“ಹಂಗಾರ ಈಗ ಹೋಗು,” ಎಂದರು. “ಇವತ್ತ ಪಾಳಿ ಮ್ಯಾಲ ಅದಾನ ಅವ.”