ಬೀರಮ್ಮನ ಬೇರೆ ತಟ್ಟೆ

ನಾನು ಅಕ್ಕೂರಿನ ಆಶಾ ಕಾರ್ಯಕರ್ತೆ. ಕಫಕ್ಕೆ, ರಕ್ತಕ್ಕೆ ಹೇಸಿದವಳಲ್ಲ. ಆದರೆ ಬೀರಮ್ಮನ ಜಗಲಿಯ ಮೂಲೆಯಲ್ಲಿ ಬೋರಲು ಹಾಕಿದ್ದ ಆ ತಟ್ಟೆ ನೋಡಿ ಹೇಸಿಗೆಯಾಯಿತು.

ಮೂವತ್ತು ವರ್ಷ ರೇಷ್ಮೆಹುಳ ಸಾಕಿದ ಹೆಂಗಸು. ಮೂರು ತಿಂಗಳಿಂದ ಒಣಕೆಮ್ಮು. ಮೆಡಿಕಲ್ ಸ್ಟೋರಿನವನು ಐದು ಬಾಟಲಿ ಸಿರಪ್ ಕುಡಿಸಿದ್ದ. ಸಿರಪ್ಪಿನ ಬಣ್ಣ ಬದಲಾಯಿತು, ಕೆಮ್ಮು ಹಾಗೇ ಇತ್ತು. ಮಗ ಚಿಕ್ಕರಾಜು ತಾನೇ ಟಿ.ಬಿ. ಎಂದು ತೀರ್ಪು ಕೊಟ್ಟು, ಊರಿಗೆ ಗೊತ್ತಾಗದಂತೆ ಮುಚ್ಚಿಟ್ಟ. ಸೊಸೆ ಕುಸುಮ ತಟ್ಟೆ ಬೇರೆ ಮಾಡಿದಳು, ಮಗುವನ್ನು ದೂರ ಇಟ್ಟಳು. ಹುಳಮನೆಗೆ ಹೊರಗಿನವರು ಕಾಲಿಡಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಆ ಬಾಗಿಲನ್ನು ಬೀರಮ್ಮನಿಗೇ ಮುಚ್ಚಿದರು.

"ಹುಳಕ್ಕೆ ರೋಗ ತಗಲ್ತದಂತೆ ಕಣವ್ವ. ನಾನೇ ಸಾಕಿದ್ ಹುಳ," ಎಂದಳು ಬೀರಮ್ಮ.

ಮಗ-ಸೊಸೆಯನ್ನು ಥೂ ಎಂದು ಬೈದು, ಅವಳನ್ನು ಚನ್ನಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆ. ಮೆಹ್ರೀನ್ ಡಾಕ್ಟರು ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಬೀಡಿ, ಉಬ್ಬಸ, ಎದೆಯುರಿ, ಮೂಗು ಸೋರುವುದು, ಒಂದೊಂದನ್ನೇ ಕೇಳಿದರು. ಯಾವುದೂ ಇಲ್ಲ. ಎದೆಯ ಎಕ್ಸ್‌ರೇ ತೆಗೆಸಿದರು. ಬೀರಮ್ಮ ಕಷ್ಟಪಟ್ಟು ಕೆಮ್ಮಿ ಎರಡು ಸಲ ಕಫ ಕೊಟ್ಟಳು. ಎಕ್ಸ್‌ರೇ ಚೆನ್ನಾಗಿತ್ತು, ಕಫದಲ್ಲಿ ಟಿ.ಬಿ. ಇರಲಿಲ್ಲ.

"ಏನಾದ್ರೂ ಮಾತ್ರೆ ತಗೋತಿದೀರಾ ಅಮ್ಮ?"

"ಇಲ್ಲ ಮೇಡಂ. ಇವಳು ಕೊಡೋ ಬಿ.ಪಿ. ಗುಳಿಗೆ ಒಂದೇಯ."

ನಾನು ಚೀಲದಿಂದ ಅದರ ಚೀಟಿ ತೆಗೆದು ಡಾಕ್ಟರ ಕೈಗೆ ಕೊಟ್ಟೆ. ನಾಲ್ಕು ತಿಂಗಳಿಂದ ಆ ಚೀಟಿ ಹಿಡಿದು ಎನಾಲಪ್ರಿಲ್ ಮಾತ್ರೆ ತಂದು, ಬಾಗಿಲಲ್ಲೇ ಕುಸುಮಳ ಕೈಗಿಟ್ಟು ಓಡುತ್ತಿದ್ದವಳು ನಾನೇ. ಒಳಗೆ ಕೆಮ್ಮುತ್ತಿದ್ದವಳನ್ನು ಒಂದು ದಿನವಾದರೂ ಮಾತಾಡಿಸಿದ್ದೆನೇ? ಮಗ-ಸೊಸೆಯನ್ನು ಬೈದ ಬಾಯಿಗೆ ನಾನೇ ಉಗುಳಿಕೊಳ್ಳಬೇಕೆನಿಸಿತು.

"ಕೆಲವರಿಗೆ ಇದೇ ಮಾತ್ರೆಯಿಂದ ಕೆಮ್ಮು ಬರುತ್ತೆ," ಎಂದು ಡಾಕ್ಟರು ಬಿ.ಪಿ.ಗೆ ಬೇರೆ ಮಾತ್ರೆ ಬರೆದರು. "ನಿಲ್ಲೋಕೆ ವಾರಗಟ್ಟಲೆ ಬೇಕು. ನಿಲ್ಲದಿದ್ರೆ ಉಸಿರು ಊದಿಸಿ ಆಸ್ತಮಾ ನೋಡೋಣ. ಹುಳಮನೆ ಧೂಳಿಂದಲೂ ಇರಬಹುದು. ಆಮೇಲೆ ಮೂಗು, ಹೊಟ್ಟೆ ಆಸಿಡ್. ಸ್ಕ್ಯಾನ್ ಕೊನೆಗೆ."

ಐದನೇ ವಾರಕ್ಕೆ ಕೆಮ್ಮು ನಿಂತಿತು. ಟಿ.ಬಿ. ಅಲ್ಲವೆಂದು ನಾನು ಮನೆಯವರಿಗೆ ಪರೀಕ್ಷೆಯ ಚೀಟಿ ತೋರಿಸಿದರೂ ತಟ್ಟೆ ಮಾತ್ರ ಜಗಲಿಯಲ್ಲೇ ಇತ್ತು.

ಆಮೇಲೊಂದು ಬೆಳಿಗ್ಗೆ ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡಲು ಕೈ ಸಾಲದೆ ಚಿಕ್ಕರಾಜು ಓಡಿಬಂದ. ನಾನು ಅಲ್ಲೇ ಇದ್ದೆ.

"ಅವ್ವ, ಬಿರ್‍ರನೆ ಬಾ, ಹುಳ ಕೆಟ್ಟೋಯ್ತವೆ."

ಈಗ ರೋಗ ತಗಲುವುದಿಲ್ಲವೇನೋ! ಬೀರಮ್ಮ ಎದ್ದಳು, ಸೆರಗು ಸಿಕ್ಕಿಸಿದಳು. ಆಮೇಲೆ ಆ ತಟ್ಟೆ ಎತ್ತಿ ಮಗನ ಕೈಗೆ ಕೊಟ್ಟಳು.

"ಬತ್ತೀನಿ ಕಣ್ಲಾ. ಮೊದ್ಲು ಇದುನ್ನ ನೀನೇ ತೊಳ್ದು, ಒಳಿಕ್ ತಕೊಂಡೋಗಿ ನಿನ್ ತಟ್ಟೆ ಮ್ಯಾಲಿಡು."