‘ಭಾರ ಬೇಡ’ ಎಂದರೆ ಏನು

ರೋಣದಲ್ಲಿ ಒಂದು ಬುಧವಾರ ಒಬ್ಬ ಹಿರಿಯರ ಮುಂಗೈಯ ಪ್ಲಾಸ್ಟರ್ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಅಂಗೈಯ ನಡುಗೆರೆಯ ಹತ್ತಿರ ನಿಲ್ಲಬೇಕಾದದ್ದು ಬೆರಳ ಬುಡದ ತನಕ ಬಂದು ಕೂತಿತ್ತು. ಪಾಪದ ಮನುಷ್ಯ, ಮುಷ್ಟಿ ಮಡಚಲಾರದೆ ಬೆರಳುಗಳು ಬಾತುಕೊಂಡಿದ್ದವು. “ಯಾವ ಪುಣ್ಯಾತ್ಮ ಹಾಕ್ಯಾನ್ರಿ ಇದನ್ನ?” ಎಂದೆ, ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಲಿ ಎಂಬಂತೆ. ಹಿರಿಯರು ಮುಜುಗರದಿಂದ ಅತ್ತಿತ್ತ ನೋಡಿ, ದನಿ ತಗ್ಗಿಸಿ, “ನೀವ ಹಾಕೀರಲ್ರಿ, ನರಗುಂದದಾಗ” ಅಂದರು.

ನಾನು ಎಲುಬಿನ ಡಾಕ್ಟರ್. ಗಜೇಂದ್ರಗಡದಲ್ಲಿ ನನ್ನದೇ ಸಣ್ಣ ದವಾಖಾನೆ ಇದೆ. ಬುಧವಾರ ರೋಣಕ್ಕೆ, ಶುಕ್ರವಾರ ನರಗುಂದಕ್ಕೆ ಹೋಗಿ ಬಾಡಿಗೆ ಕೋಣೆಯಲ್ಲಿ ಕೂತು ಬರುತ್ತೇನೆ. ಮುರಿದ ಕೈಕಾಲಿನವರಿಗೆ ನಾನು ಇಂಥ ಊರಿಗೇ ಬನ್ನಿ ಎಂದು ಹೇಳಿದರೂ ಅವರು ಬರುವುದು ಬಸ್ಸು ಸಿಕ್ಕಿದ ಊರಿಗೆ. ಹಾಗಾಗಿ ಒಬ್ಬನೇ ಮನುಷ್ಯನ ಒಂದೇ ಎಲುಬಿನ ಕಥೆ ಮೂರು ಊರುಗಳ ಚೀಟಿಗಳಲ್ಲಿ ಹರಿದು ಹಂಚಿಹೋಗಿತ್ತು. ಆ ಚೀಟಿಗಳಲ್ಲಿ ನನ್ನ ಅಕ್ಷರ ಇತ್ತು. ನನ್ನ ಅಕ್ಷರವನ್ನು ಓದಬಲ್ಲವರು ಈ ತಾಲ್ಲೂಕುಗಳಲ್ಲಿ ಒಬ್ಬರೇ, ಔಷಧಿ ಅಂಗಡಿಯವರು. ಅವರೂ ಊಹೆಯ ಮೇಲೆ ಓದುತ್ತಾರೆಂದು ನನ್ನ ಗುಮಾನಿ.

ಆ ಹಿರಿಯರ ಪ್ಲಾಸ್ಟರಿನ ಅಂಚು ಕತ್ತರಿಸಿ, ಬೆರಳು ಮಡಚಿಸಿ ಕಳಿಸಿದ ಮೇಲೆ ನಿಶ್ಚಯ ಮಾಡಿದೆ: ಇನ್ನು ಮೇಲೆ ರೋಗಿಗೊಂದು ಹಾಳೆ, ಅದು ನನ್ನ ಚೀಲದಲ್ಲಿ ಮೂರೂ ಊರು ತಿರುಗಬೇಕು. ಭಾನುವಾರ ಊಟ ಮುಗಿಸಿ ಚೀಟಿಗಳನ್ನೆಲ್ಲ ಪಡಸಾಲೆಯಲ್ಲಿ ಹರಡಿಕೊಂಡು ಕೂತೆ. ಪ್ರತಿ ಭೇಟಿಗೆ ಒಂದು ಸಾಲು. ಸಾಲಿನಲ್ಲಿ ಗೆರೆ ಹಾಕಿದ ಕೆಲವು ಚೌಕದ ಮನೆ. ಪ್ಲಾಸ್ಟರ್ ಯಾವ ಬಗೆಯದು, ಎಲ್ಲಿಂದ ಎಲ್ಲಿಯವರೆಗೆ, ಕೀಲು ಎಷ್ಟು ಬಾಗಿದೆ, ಬಿರುಕು ಬಿಟ್ಟಿದೆಯೋ ಸಡಿಲವಾಗಿದೆಯೋ, ಬೆರಳಿನ ಬಣ್ಣ ಹೇಗಿದೆ. ಆಮೇಲೆ ಎಕ್ಸ್‌ರೇಯಲ್ಲಿ ಏನು ಬದಲಾಗಿದೆ. ಆಮೇಲೆ ಕಾಲಿನವರಾದರೆ ಎಷ್ಟು ಭಾರ ಬಿಡಬಹುದು ಎಂಬ ಸಲಹೆ. ನಾಲ್ಕು ಬಣ್ಣದ ಪೆನ್ನು ಕೂಡ ತರಿಸಿದ್ದೆ. ಹೆಂಡತಿ ಬಂದು ನೋಡಿ, “ಪರೀಕ್ಷಾ ಐತೇನ್ರಿ ನಾಳೆ?” ಎಂದು ಕೇಳಿ ಹೋದಳು. ನನಗೆ ಮಾತ್ರ ಇಂಥ ಹಾಳೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲೂ ಇರಲಿಕ್ಕಿಲ್ಲ ಎನ್ನಿಸಿ ಒಳಗೊಳಗೇ ಹಿಗ್ಗು.

ಹಿಗ್ಗು ಯಾವಗಲ್ ಊರಿನ ಅಕ್ಕನವರ ಹಾಳೆಯ ತನಕ ಬಂದು ನಿಂತಿತು.

ಈ ಅಕ್ಕನವರು ಹೊಲಮನೆ ಇರುವ ದೊಡ್ಡ ಕುಟುಂಬದ ಹಿರಿಸೊಸೆ. ಟ್ರ್ಯಾಕ್ಟರಿನ ಟ್ರೇಲರ್‌ನಿಂದ ಇಳಿಯುವಾಗ ಎಡಗಾಲು ಸಿಕ್ಕಿ, ಮೊಣಕಾಲ ಕೆಳಗಿನ ಎಲುಬು ಪಾದದ ಸಮೀಪ ಓರೆಯಾಗಿ ಮುರಿದಿತ್ತು. ಮೊದಲ ದಿನ ಕೂಡಿಸಿ ನೋಡಿದಾಗ ಎಲುಬು ಚೆನ್ನಾಗಿ ಕೂತಿತ್ತು. ಬಾವು ಇಳಿಯುವ ತನಕ ಹಿಂಬದಿಗಷ್ಟೇ ಪ್ಲಾಸ್ಟರ್ ಪಟ್ಟಿ, ಆಮೇಲೆ ತೊಡೆಯಿಂದ ಬೆರಳ ಬುಡದ ತನಕ ಸುತ್ತ ಪ್ಲಾಸ್ಟರ್. ಆಪರೇಷನ್ ಬೇಡ, ಕಬ್ಬಿಣ ಹಾಕಿಸಿಕೊಳ್ಳುವುದಿಲ್ಲ ಎಂದು ಅವರು ಮೊದಲೇ ಹಟ ಹಿಡಿದಿದ್ದರು. ಕಾಲು ನೆಲಕ್ಕೆ ಊರದಿದ್ದರೆ ಬೇಕಿಲ್ಲ ಎಂದು ನಾನೂ ಒಪ್ಪಿದ್ದೆ.

ಅವರ ಚೀಟಿಗಳನ್ನು ಸಾಲಾಗಿ ಇಳಿಸಿದೆ. ಎಕ್ಸ್‌ರೇ ಮನೆಯಲ್ಲಿ ರೋಣದ ಚೀಟಿ: ‘ಕಳೆದ ಸಲದಂತೆಯೇ.’ ನರಗುಂದದ ಚೀಟಿ: ‘ಹೆಚ್ಚುಕಡಿಮೆ ಅಷ್ಟೇ.’ ಮತ್ತೆ ರೋಣ: ‘ತುಸು ವಾಲಿದಂತಿದೆ, ಪರವಾಗಿಲ್ಲ.’ ಪ್ಲಾಸ್ಟರಿನ ಮನೆಯಲ್ಲಿ: ‘ಹಿಮ್ಮಡಿ ಮೆತ್ತಗಾಗಿದೆ, ಎರಡು ಸುತ್ತು ಹಾಕಿದೆ.’ ಮುಂದಿನದು: ‘ಅಡಿ ಸವೆದಿದೆ, ಎರೆಮಣ್ಣು ಹತ್ತಿದೆ, ಮತ್ತೆ ಸುತ್ತು.’ ಅದರ ಮುಂದಿನದು: ‘ಹಿಮ್ಮಡಿ ಮತ್ತೆ ಮೆತ್ತಗೆ. ಪ್ಲಾಸ್ಟರ್ ಪೌಡರ್ ಕಂಪನಿ ಬದಲಿಸಬೇಕು.’ ಸಲಹೆಯ ಮನೆಯಲ್ಲಿ ಎಲ್ಲ ಸಲವೂ ಒಂದೇ: ‘ಭಾರ ಬೇಡ.’

ಬಿಡಿ ಚೀಟಿಯಲ್ಲಿ ಇವು ಯಾವುವೂ ಏನೂ ಹೇಳುತ್ತಿರಲಿಲ್ಲ. ಒಂದರ ಕೆಳಗೆ ಒಂದು ಬಂದಾಗ ಅಕ್ಕನವರು ಕಾಲು ಊರುತ್ತಿದ್ದಾರೆ, ಎಲುಬು ವಾಲುತ್ತಿದೆ ಎಂದು ಹೊಳೆಯಿತು. ಪ್ರತಿ ಸಲವೂ ನಾನು ಹೊಸ ಫಿಲ್ಮನ್ನು ಅದರ ಹಿಂದಿನದರ ಜೊತೆಗಷ್ಟೇ ಹೋಲಿಸಿದ್ದೆ. ಮೊದಲನೆಯದರ ಜೊತೆ ಯಾವತ್ತೂ ಇಟ್ಟು ನೋಡಿರಲಿಲ್ಲ. ದಿನಾ ಕನ್ನಡಿ ನೋಡುವವನಿಗೆ ತನ್ನ ಹೊಟ್ಟೆ ಬೆಳೆದದ್ದು ಕಾಣದಲ್ಲ, ಹಾಗೆ.

ಫೋನ್ ಮಾಡಿ, ಎಲ್ಲ ಫಿಲ್ಮು ತಗೊಂಡು ನಾಳೆಯೇ ಗಜೇಂದ್ರಗಡಕ್ಕೆ ಬರಬೇಕು ಎಂದೆ. ಅಕ್ಕನವರು ವಾಕರ್ ಹಿಡಿದು ಬಂದರು, ಜೊತೆಗೆ ಅವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಫಿಲ್ಮುಗಳನ್ನು ದೀಪದ ಪೆಟ್ಟಿಗೆಯ ಮೇಲೆ ಸಾಲಾಗಿ ಸಿಕ್ಕಿಸಿದೆ. ಎಲುಬು ಮೊದಲನೆಯದರಲ್ಲಿ ನೆಟ್ಟಗಿತ್ತು, ಕೊನೆಯದರಲ್ಲಿ ಒಳಗಡೆ ವಾಲಿತ್ತು. ಇನ್ನೂ ಸ್ವಲ್ಪ ವಾಲಿದರೆ ಸೊಟ್ಟಾಗಿಯೇ ಕೂಡಿಕೊಳ್ಳುವುದು, ಇಲ್ಲವೇ ಅವರು ಬೇಡವೆಂದ ಆಪರೇಷನ್ನು. ಪೆಟ್ಟಿಗೆಯ ಬೆಳಕಿನಲ್ಲಿ ಅವರಿಗೂ ಅದು ಕಂಡಿತು.

“ಕಾಲ ಸೊಟ್ಟ ಆಗ್ತೈತೇನ್ರಿ?” ಎಂದು ಕೇಳಿದರು.

ಆಗ ನಾನು ಏನು ಮಾಡಬೇಕಿತ್ತು? ಸಮಾಧಾನ ಹೇಳಬೇಕಿತ್ತು. ಮಾಡಿದ್ದು ಜಬರಿಸುವ ಕೆಲಸ. ತಪ್ಪು ಸಿಕ್ಕಾಗ ಮೊದಲು ಎದುರಿಗಿದ್ದವರ ಮೇಲೆ ಹಾಕುವುದು ನನ್ನ ಹುಟ್ಟುಗುಣ. “ಅಕ್ಕಾರ, ಪ್ರತಿ ಸಲಾನೂ ಭಾರ ಬ್ಯಾಡ ಅಂತ ಬಾಯಿ ಹರಕೊಂಡು ಹೇಳೇನಿ. ಇಲ್ಲಿ ಬರದದ್ದು ಐತಿ ನೋಡ್ರಿ. ನೀವು ಕೇಳಿಲ್ಲ,” ಎಂದು ಬಣ್ಣಬಣ್ಣದ ಹಾಳೆಯನ್ನು ಮುಂದೆ ಹಿಡಿದೆ.

ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. “ಕೇಳಿಲ್ಲಂತೀರಿ? ನೀವು ಹೇಳಿದಾಗಿಂದ ಮೇವಿನ ಹೊರಿ ಹೋಗ್ಲಿ, ನೀರಿನ ಚರಿಗಿ ಸುದ್ದಾ ಎತ್ತಿಲ್ರಿ ನಾನು. ಕೇಳ್ರಿ ಬೇಕಾದ್ರ ಈಕಿನ್ನ.”

“ಖರೇ ಐತ್ರಿ,” ಎಂದಳು ನೆಗೆಣ್ಣಿ, ಹುಳ್ಳಗೆ ನಕ್ಕು. “ಎಲ್ಲಾ ಭಾರ ನಾನ ಹೊತ್ತೇನಿ. ಅಕ್ಕಾರು ಕೈ ಬೀಸ್ಕೊಂತ ಹಿತ್ತಲಕ್ಕ ಹೋಗಿ ನಿಂತು, ಹಾಂಗ ಮಾಡು, ಹಿಂಗ ಮಾಡು ಅಂತ ಹೇಳ್ತಿದ್ರು.”

“ಹಿತ್ತಲಕ್ಕ ಹ್ಯಾಂಗ ಹೋಗ್ತಿದ್ರಿ?” ನನ್ನ ದನಿ ಆಗಲೇ ಇಳಿದಿತ್ತು.

“ನಡಕೊಂತ್ರಿ. ಮತ್ತ್ಯಾಂಗ?” ಎಂದರು ಅಕ್ಕನವರು.

ನಾನು ಕೂತೆ. ಇಂಗ್ಲಿಷಿನ ‘ನಾನ್ ವೇಟ್ ಬೇರಿಂಗ್’ ಎಂಬುದನ್ನು ನನ್ನ ತಲೆಯಲ್ಲೇ ‘ಭಾರ ಬೇಡ’ ಎಂದು ಮಾಡಿಕೊಂಡು, ಅದು ಕನ್ನಡವೇ ಆಯಿತೆಂದು ತಿಳಿದು, ಊರೂರು ತಿರುಗಿ ಹಂಚಿದ್ದೆ. ಭಾರ ಎಂದರೆ ತಲೆಯ ಮೇಲೋ ಸೊಂಟದ ಮೇಲೋ ಹೊರುವಂಥದ್ದು. ತನ್ನ ಮೈಯನ್ನು ಯಾರಾದರೂ ಭಾರ ಅಂದುಕೊಳ್ಳುತ್ತಾರೆಯೇ? ನಾನೇ ಯಾವಗಲ್‌ನಲ್ಲಿ ಹುಟ್ಟಿದ್ದರೂ ನಡೆಯುತ್ತಿದ್ದೆ. ಪಾಪ, ಪ್ಲಾಸ್ಟರ್ ಪೌಡರಿನ ಕಂಪನಿಯವರಿಗೆ ಬೈದು ಆಗಿತ್ತು.

“ತಪ್ಪು ನಂದು, ಅಕ್ಕಾರ,” ಎಂದೆ. “ಕಾಲ ನೆಲಕ್ಕ ಊರಬಾರದಿತ್ತು. ನಾನು ಹೇಳಿದ್ದು ಬ್ಯಾರೆ, ನಿಮಗ ಕೇಳಿಸಿದ್ದು ಬ್ಯಾರೆ.”

“ಊರಬ್ಯಾಡ ಅನ್ಲಿಕ್ಕೆ ಏನಾಗಿತ್ರಿ ನಿಮಗ?” ಎಂದರು ಅವರು.

ಒಂದು ದಾರಿ ಉಳಿದಿತ್ತು. ಹೊಸ ಎಲುಬು ಇನ್ನೂ ಗಟ್ಟಿಯಾಗಿರಲಿಲ್ಲ. ಇಂಥ ಹೊತ್ತಿನಲ್ಲಿ ಪ್ಲಾಸ್ಟರನ್ನೇ ಮುರಿದ ಜಾಗದ ಮಟ್ಟಕ್ಕೆ ಕೊಯ್ದು, ಒಂದು ಬದಿ ಮಾತ್ರ ಕೊಯ್ಯದೆ ಬಿಟ್ಟು, ಎಲುಬು ವಾಲಿದ ಒಳಬದಿಯಲ್ಲಿ ಸಂದು ತೆರೆದು ಮರದ ಬೆಣೆ ಇಟ್ಟರೆ ಎಲುಬು ನೆಟ್ಟಗಾಗುತ್ತದೆ. ಸರಿಯಾಗದಿದ್ದರೆ ಹುಬ್ಬಳ್ಳಿಗೆ ಹೋಗಲೇಬೇಕು ಎಂದು ಬಿಡಿಸಿ ಹೇಳಿದೆ. ಅವರು ಒಪ್ಪಿದರು. ಕೊಯ್ದು, ಸಂದನ್ನು ನಿಧಾನಕ್ಕೆ ತೆರೆದು, ಬೆಣೆ ಕೂರಿಸಿದೆ. ಬೆರಳು ಅಲುಗಾಡುತ್ತವೆಯೇ, ಬಣ್ಣ ತಿರುಗಿತೇ, ಒಳಗೆ ಎಲ್ಲಾದರೂ ಒತ್ತುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದೆ. “ಒತ್ತೂದಕ್ಕಿಂತ ನೀವು ಕೇಳೂದ ಜಾಸ್ತಿ ಆತ್ರಿ,” ಎಂದರು. ಮತ್ತೆ ಫಿಲ್ಮು ತೆಗೆಸಿದೆ. ಬಂದ ಫಿಲ್ಮನ್ನು ಈ ಸಲ ಮೊದಲ ದಿನದ್ದರ ಪಕ್ಕಕ್ಕೇ ಸಿಕ್ಕಿಸಿದೆ. ಎಲುಬು ಮೊದಲಿನಂತೆ ಕೂತಿತ್ತು. ಸಂದು ಮುಚ್ಚಿ ಮೇಲೆ ಪ್ಲಾಸ್ಟರ್ ಸುತ್ತಿದೆ. ನನಗೆ ಅಳು ಬರುವಷ್ಟು ಹಗುರಾಯಿತು.

ಆಮೇಲೆ ಹಾಳೆಯ ಸಲಹೆಯ ಮನೆಯನ್ನು ತಿದ್ದಿದೆ. ‘ಭಾರ’ ಎಂಬ ಪದವನ್ನೇ ತೆಗೆದುಹಾಕಿದೆ. ‘ಕಾಲು ನೆಲಕ್ಕೆ ಊರುವುದೇ ಇಲ್ಲ’, ‘ಬೆರಳಷ್ಟೇ ಮುಟ್ಟಿಸಬಹುದು’, ‘ಅರ್ಧ ಊರಬಹುದು’, ‘ಪೂರ್ತಿ ಊರಬಹುದು’. ಅರ್ಧ ಎಂದರೆ ಎಷ್ಟು ಎಂಬುದಕ್ಕೆ ತೂಕದ ಯಂತ್ರದ ಮೇಲೆ ಕಾಲು ಇಡಿಸಿ ಮುಳ್ಳು ತೋರಿಸತೊಡಗಿದೆ. ಏನು ಹೇಳಿದೆನೆಂದು ರೋಗಿಯೇ ನನಗೆ ತಿರುಗಿ ಹೇಳಬೇಕು, ಮಾಡಿಯೂ ತೋರಿಸಬೇಕು. ಕೆಲವರು ಡಾಕ್ಟರಿಗೆ ಮರೆವು ಶುರುವಾಗಿದೆ ಎಂದು ತಿಳಿದರು. ಬಾಡಿಗೆ ಕೋಣೆಯ ಬೆಂಚಿನ ಮೇಲೆ ಅದೇ ಮಾತು ನಡೆದದ್ದು ನನ್ನ ಕಿವಿಗೂ ಬಿತ್ತು.

ಅಕ್ಕನವರು ಈ ಸಲ ಕಾಲು ಊರಲಿಲ್ಲ. ಹಿಮ್ಮಡಿ ಗಟ್ಟಿಯಾಗಿ, ಬೆಳ್ಳಗೆ ಉಳಿಯಿತು. ಕೆಲವು ವಾರಗಳಲ್ಲಿ ಮುರಿದ ಜಾಗದ ಸುತ್ತ ಹೊಸ ಎಲುಬು ಮಸುಕಾಗಿ ಕಾಣಿಸಿಕೊಂಡಿತು. ಉದ್ದದ ಪ್ಲಾಸ್ಟರ್ ಬಿಚ್ಚಿ ಮೊಣಕಾಲ ಕೆಳಗಷ್ಟೇ ಹಾಕಿ, ‘ಅರ್ಧ’ಕ್ಕೆ ಬಂದೆವು. ಮಾಗಿ ಚಳಿ ಮುಗಿಯುವಾಗ ಎದುರಿನಿಂದಲೂ ಪಕ್ಕದಿಂದಲೂ ತೆಗೆದ ಫಿಲ್ಮುಗಳಲ್ಲಿ ಎಲುಬು ಕೂಡಿತ್ತು. ಒತ್ತಿ ನೋಡಿದರೂ ನೋವಿಲ್ಲ. ಕೊನೆಯ ಪ್ಲಾಸ್ಟರನ್ನು ಗಜೇಂದ್ರಗಡದಲ್ಲೇ ಬಿಚ್ಚಿದೆ. ಸಣಕಲು ಕಾಲು ಹೊರಬಂತು, ನೆಟ್ಟಗೆ.

“ಊರ್ರಿ ಅಕ್ಕಾರ. ಪೂರ್ತಿ ಊರ್ರಿ,” ಎಂದೆ.

ಅವರು ಕಾಲನ್ನು ಮಂಚದ ಅಂಚಿನಿಂದ ಇಳಿಬಿಟ್ಟು, ನೆಲದಿಂದ ಗೇಣುದ್ದ ಮೇಲಕ್ಕೆ ಹಾಗೇ ಹಿಡಿದುಕೊಂಡು ಕೂತರು. ನಾನು ಇನ್ನೊಮ್ಮೆ ಹೇಳಿದೆ. ನೆಗೆಣ್ಣಿ ತೋಳು ಕೊಟ್ಟಳು. ಅವರು ಅಲುಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, “ಬಾಯಿ ಮಾತು ಬ್ಯಾಡ್ರಿ. ಮೊದ್ಲ ಬರೀರಿ. ಬರದು ಓದ್ರಿ,” ಎಂದರು.

ಬರೆದೆ. ಇಷ್ಟು ನಿಧಾನಕ್ಕೆ, ಇಷ್ಟು ದುಂಡಗೆ ನಾನು ಶಾಲೆಯಲ್ಲೂ ಬರೆದಿರಲಿಲ್ಲ. ‘ಎಡಗಾಲು ಪೂರ್ತಿ ಊರಬಹುದು’ ಎಂದು ಗಟ್ಟಿಯಾಗಿ ಓದಿದೆ. ಅವರು ಹಾಳೆಯನ್ನು ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿ, ನನ್ನ ಕೈಗೆ ವಾಪಸು ಕೊಟ್ಟು, ಎದ್ದು ನಿಂತರು.